ಸಂಬಳ ಚೀಟಿಯಲ್ಲೊಂದು ಹೊಸ ಸಾಲು: ಎನ್‌ಪಿಎಸ್

ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಏಪ್ರಿಲ್ ಬಂತೆಂದರೆ ಎಚ್‌ಆರ್ ವಿಭಾಗದಿಂದ ಒಂದು ಮಿಂಚಂಚೆ ಬರುತ್ತದೆ. ಹಳೆ ತೆರಿಗೆ ಪದ್ಧತಿ ಬೇಕೋ, ಹೊಸದು ಬೇಕೋ ಎನ್ನುವುದು ಅದರ ಮೊದಲ ಪ್ರಶ್ನೆ. ಅದರ ಕೆಳಗೆ ಕಂಪನಿಯ ಮೂಲಕ ಎನ್‌ಪಿಎಸ್ ಬೇಕೇ ಎಂಬ ಇನ್ನೊಂದು ಪ್ರಶ್ನೆ ಇರುತ್ತದೆ. ಹೆಚ್ಚಿನವರು ಮೊದಲನೆಯದನ್ನು ತುಂಬಿ ಎರಡನೆಯದನ್ನು ಖಾಲಿ ಬಿಡುತ್ತಾರೆ. ನಿಜವಾದ ದುಡ್ಡಿನ ಲೆಕ್ಕ ಅಡಗಿರುವುದು ಆ ಖಾಲಿ ಬಿಟ್ಟ ಪ್ರಶ್ನೆಯಲ್ಲೇ.

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಶುರುವಾಗಿದ್ದು 2004ರ ಜನವರಿಯಲ್ಲಿ, ಕೇಂದ್ರ ಸರ್ಕಾರದ ಹೊಸ ನೌಕರರಿಗಾಗಿ. 2009ರ ಮೇ ತಿಂಗಳಲ್ಲಿ ಅದು ಎಲ್ಲ ನಾಗರಿಕರಿಗೂ ತೆರೆದುಕೊಂಡಿತು. ಸೇರಿದವರಿಗೆ ಪ್ರಾನ್ ಎಂಬ 12 ಅಂಕಿಗಳ ಸಂಖ್ಯೆ ಸಿಗುತ್ತದೆ, ಕೆಲಸ ಬದಲಾದರೂ ಅದು ಬದಲಾಗುವುದಿಲ್ಲ. ಕಟ್ಟಿದ ಹಣ ಷೇರು, ಕಂಪನಿ ಸಾಲಪತ್ರ ಮತ್ತು ಸರ್ಕಾರಿ ಸಾಲಪತ್ರಗಳಲ್ಲಿ ಹೂಡಿಕೆಯಾಗುತ್ತದೆ. ಪಿಎಫ್‌ಗೆ ಇರುವಂತೆ ಇಲ್ಲಿ ಘೋಷಿತ ಬಡ್ಡಿ ಇಲ್ಲ. ಮಾರುಕಟ್ಟೆ ಏನು ಕೊಡುತ್ತದೋ ಅಷ್ಟೇ.

ಖಾಸಗಿ ನೌಕರರ ಹಣ ಇದರೊಳಗೆ ಹೋಗಲು ಎರಡು ದಾರಿಗಳಿವೆ. ಒಂದು, ತಾನೇ ಕಟ್ಟುವುದು. ಇನ್ನೊಂದು, ಕಂಪನಿ ಕಟ್ಟುವುದು. ಹೊಸ ತೆರಿಗೆ ಪದ್ಧತಿಯಲ್ಲಿ ತಾನೇ ಕಟ್ಟಿದ್ದಕ್ಕೆ ಬಿಡಿಗಾಸಿನ ವಿನಾಯಿತಿಯೂ ಇಲ್ಲ. 50,000 ರೂಪಾಯಿಯ ಆ ಹೆಸರಾಂತ ಹೆಚ್ಚುವರಿ ಕಡಿತ ಹಳೆ ಪದ್ಧತಿಯವರಿಗೆ ಮಾತ್ರ. ಹಳೇ ಅಭ್ಯಾಸದಂತೆ ಮಾರ್ಚ್ ಕೊನೆಯಲ್ಲಿ 50,000 ಕಟ್ಟಿ, ಆಮೇಲೆ ತಾವು ಹೊಸ ಪದ್ಧತಿಯಲ್ಲಿ ಇದ್ದೇವೆಂದು ನೆನಪಾಗಿ ಪೇಚಾಡುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಕಂಪನಿ ಕಟ್ಟುವ ಪಾಲಿನ ಕಥೆಯೇ ಬೇರೆ. 2024ರ ಜುಲೈ ಬಜೆಟ್ ನಂತರ, ಹೊಸ ಪದ್ಧತಿಯಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ ಕಂಪನಿ ಎನ್‌ಪಿಎಸ್‌ಗೆ ಹಾಕಿದರೆ ಅಷ್ಟೂ ಹಣ ತೆರಿಗೆಯಿಂದ ಹೊರಗೆ. ಹಳೆ ಪದ್ಧತಿಯ ಖಾಸಗಿ ನೌಕರರಿಗೆ ಈ ಮಿತಿ ಶೇ. 10.

ಒಂದು ಮಾದರಿ ಲೆಕ್ಕ ನೋಡೋಣ. 38 ವರ್ಷದ ನೌಕರರೊಬ್ಬರ ಸಿಟಿಸಿ ವರ್ಷಕ್ಕೆ 14,40,000 ರೂಪಾಯಿ, ಬೇಸಿಕ್ ಅದರ ಅರ್ಧ, ಅಂದರೆ ತಿಂಗಳಿಗೆ 60,000 ಎಂದಿಟ್ಟುಕೊಳ್ಳಿ. ಕಂಪನಿಯ ಪಿಎಫ್ ಪಾಲು 86,400 ಮತ್ತು ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ತೆರಿಗೆಗೆ ಸಿಗುವ ಆದಾಯ 12,78,600. 2025-26ರ ಹೊಸ ಪದ್ಧತಿಯ ದರದಂತೆ ಇದಕ್ಕೆ ಸೆಸ್ ಸೇರಿ ತೆರಿಗೆ ಸುಮಾರು 74,660 ರೂಪಾಯಿ. ಈಗ ಅದೇ ಸಿಟಿಸಿಯೊಳಗಿಂದಲೇ ಬೇಸಿಕ್‌ನ ಶೇ. 14, ಅಂದರೆ ತಿಂಗಳಿಗೆ 8,400, ವರ್ಷಕ್ಕೆ 1,00,800 ರೂಪಾಯಿಯನ್ನು ಎನ್‌ಪಿಎಸ್‌ಗೆ ಹಾಕಲು ಕಂಪನಿಗೆ ಹೇಳಿದರೆ ತೆರಿಗೆಯ ಆದಾಯ 11,77,800ಕ್ಕೆ ಇಳಿಯುತ್ತದೆ. 12 ಲಕ್ಷದೊಳಗೆ ಬಂದ ಕಾರಣ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ! ಖಾತೆಗೆ ಒಂದು ಲಕ್ಷ ಹೋಯಿತು, ಆದರೆ ಕೈಗೆ ಬರುವ ಸಂಬಳದಲ್ಲಿ ಕಡಿಮೆಯಾಗಿದ್ದು ವರ್ಷಕ್ಕೆ ಸುಮಾರು 26,000, ತಿಂಗಳಿಗೆ 2,200ಕ್ಕಿಂತ ಕಡಿಮೆ.

ಎಲ್ಲರಿಗೂ ಇಷ್ಟು ಲಾಭ ಆಗದು. ಮೊದಲೇ 12 ಲಕ್ಷದೊಳಗೆ ಇರುವವರಿಗೆ ಉಳಿಸಲು ತೆರಿಗೆಯೇ ಇಲ್ಲ, ಅವರಿಗೆ ಇದು ಬರೀ ಉಳಿತಾಯ. ಇನ್ನು ಮೇಲಿನ ಸಂಬಳದವರಿಗೆ ತಮ್ಮ ಸ್ಲ್ಯಾಬಿನ ದರಕ್ಕೆ ತಕ್ಕಷ್ಟು ಉಳಿಯುತ್ತದೆ. ಪಿಎಫ್, ಎನ್‌ಪಿಎಸ್, ಸೂಪರ್‌ಆನ್ಯುಯೇಷನ್ ಮೂರೂ ಸೇರಿ ಕಂಪನಿಯ ಪಾಲು ವರ್ಷಕ್ಕೆ ಏಳೂವರೆ ಲಕ್ಷ ದಾಟಿದರೆ ಮಿಕ್ಕಿದ್ದಕ್ಕೆ ತೆರಿಗೆ ಬೀಳುತ್ತದೆ ಎಂಬುದೂ ದೊಡ್ಡ ಸಂಬಳದವರಿಗೆ ನೆನಪಿರಲಿ.

ಇಷ್ಟಕ್ಕೆ ತೆರುವ ಬೆಲೆ ಎಂದರೆ ಬೀಗ. 2025ರ ಡಿಸೆಂಬರ್‌ನಲ್ಲಿ ಪಿಂಚಣಿ ನಿಧಿ ಪ್ರಾಧಿಕಾರ ನಿಯಮಗಳನ್ನು ಸಡಿಲಿಸಿ, ಸರ್ಕಾರೇತರ ಚಂದಾದಾರರು 60 ತುಂಬಿದಾಗ ಅಥವಾ 15 ವರ್ಷ ಪೂರೈಸಿದಾಗ ಸಾಮಾನ್ಯ ನಿರ್ಗಮನಕ್ಕೆ ಅರ್ಹರು ಎಂದಿತು. ಅದಕ್ಕೂ ಮೊದಲೇ ಖಾತೆ ಮುಚ್ಚಿದರೆ ಐದು ಲಕ್ಷ ಮೀರಿದ ನಿಧಿಯ ಶೇ. 80ರಷ್ಟು ಆನ್ಯುಯಿಟಿಗೆ ಹೋಗಲೇಬೇಕು, ಕೈಗೆ ಬರುವುದು ಐದರಲ್ಲಿ ಒಂದು ಪಾಲು. ಮಕ್ಕಳ ಓದು, ಮದುವೆ, ಮನೆ, ಕಾಯಿಲೆಗೆಂದು ಮೂರು ವರ್ಷದ ನಂತರ ಒಂದಿಷ್ಟು ತೆಗೆಯಬಹುದು ನಿಜ. ಆದರೆ ಆ ಸೌಲಭ್ಯದ ಒಳಗೊಂದು ಕೊಕ್ಕೆ ಇದೆ. ತೆಗೆಯಬಹುದಾದದ್ದು ಚಂದಾದಾರರು ಸ್ವಂತವಾಗಿ ಕಟ್ಟಿದ ಮೊತ್ತದ ಶೇ. 25 ಮಾತ್ರ. ಮೇಲಿನ ಲೆಕ್ಕದಲ್ಲಿ ಕಟ್ಟಿದ್ದೆಲ್ಲ ಕಂಪನಿಯ ಹೆಸರಿನಲ್ಲಿ. ಅಂಥವರಿಗೆ ಮಧ್ಯದಲ್ಲಿ ಸಿಗುವುದು ಹೆಚ್ಚುಕಡಿಮೆ ಏನೂ ಇಲ್ಲ.

ಕೊನೆಯಲ್ಲಿ ಏನು ಕೈಸೇರುತ್ತದೆ? ತಿಂಗಳಿಗೆ 8,400ರಂತೆ 22 ವರ್ಷ ಕಟ್ಟಿ, ವರ್ಷಕ್ಕೆ ಶೇ. 9 ಬೆಳೆಯಿತೆಂದುಕೊಂಡರೆ ನಿಧಿ ಸುಮಾರು 69 ಲಕ್ಷ. ಈ ಶೇ. 9 ನಮ್ಮ ಊಹೆ, ಯಾರ ಭರವಸೆಯೂ ಅಲ್ಲ. ಹಿಂದೆ ಇದರ ಶೇ. 40ರಲ್ಲಿ ಆನ್ಯುಯಿಟಿ ಕೊಳ್ಳಲೇಬೇಕಿತ್ತು. 2025ರ ತಿದ್ದುಪಡಿಯ ಪ್ರಕಾರ 12 ಲಕ್ಷ ಮೀರಿದ ನಿಧಿಗೆ ಆ ಕಡ್ಡಾಯ ಪಾಲು ಶೇ. 20. ಎಂಟು ಲಕ್ಷದೊಳಗಿನ ನಿಧಿಯನ್ನು ಪೂರ್ತಿ ತೆಗೆಯಬಹುದು. ಆನ್ಯುಯಿಟಿ ಎಂದರೆ ವಿಮಾ ಕಂಪನಿಗೆ ಇಡಿಗಂಟು ಕೊಟ್ಟು ಆಜೀವ ಪಿಂಚಣಿ ಪಡೆಯುವುದು. ದರ ಶೇ. 6 ಎಂದು ಹಿಡಿದರೆ 13.8 ಲಕ್ಷಕ್ಕೆ ತಿಂಗಳಿಗೆ 6,900 ರೂಪಾಯಿ. ಸಾಮಾನ್ಯ ಯೋಜನೆಗಳಲ್ಲಿ ಈ ಮೊತ್ತ ಎಂದೂ ಏರುವುದಿಲ್ಲ, ಅದರ ಮೇಲೆ ಆದಾಯ ತೆರಿಗೆಯೂ ಉಂಟು. ಬೆಲೆಗಳು ವರ್ಷಕ್ಕೆ ಶೇ. 5 ಏರಿದರೆ 22 ವರ್ಷದ ನಂತರದ ಆ 6,900 ಇಂದಿನ 2,400 ರೂಪಾಯಿಗೂ ಸಮವಾಗದು. ಗ್ಯಾಸ್, ಕರೆಂಟು, ಔಷಧಿಗೆ ಸಾಕಾದರೆ ಪುಣ್ಯ.

ಆನ್ಯುಯಿಟಿಯ ಬಗೆ ಆರಿಸುವಾಗ ಮನೆಮಂದಿಯನ್ನು ಕೂರಿಸಿಕೊಂಡು ಮಾತಾಡುವುದು ಒಳ್ಳೆಯದು. ತನ್ನ ಜೀವಿತಕ್ಕೆ ಮಾತ್ರ ಎಂಬುದನ್ನು ಆರಿಸಿದರೆ ಪಿಂಚಣಿ ಹೆಚ್ಚು, ಆದರೆ ಆತನ ನಂತರ ಹೆಂಡತಿಗೆ ಏನೂ ಇಲ್ಲ. ಇಬ್ಬರ ಜೀವಿತಕ್ಕೂ ಬರುವ, ಕೊನೆಗೆ ಅಸಲು ಮಕ್ಕಳಿಗೆ ಮರಳುವ ಬಗೆಯಲ್ಲಿ ಪಿಂಚಣಿ ಕಡಿಮೆ. ಒಮ್ಮೆ ಕೊಂಡ ಮೇಲೆ ಮನಸ್ಸು ಬದಲಾಯಿಸಲು ಆಸ್ಪದ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಎಚ್ಚರ: ನಿಯಮ ಶೇ. 80 ತೆಗೆಯಲು ಬಿಟ್ಟಾಗ ಆದಾಯ ತೆರಿಗೆ ಕಾನೂನಿನ ವಿನಾಯಿತಿ ಇದ್ದದ್ದು ಶೇ. 60ಕ್ಕೆ. ತೆಗೆಯುವ ವರ್ಷದ ಕಾನೂನು ನೋಡದೆ ಅರ್ಜಿ ಹಾಕಬಾರದು.

ಹೀಗಾಗಿ ಉಳಿತಾಯಗಳ ಸಾಲಿನಲ್ಲಿ ಇದಕ್ಕೆ ಮೊದಲ ಜಾಗ ಸಲ್ಲದು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ, ಕುಟುಂಬಕ್ಕೆ ಆರೋಗ್ಯ ವಿಮೆ, ಮಕ್ಕಳ ಕಾಲೇಜಿಗೆ ಬೇರೆ ಗಂಟು ಇದ್ದ ಮೇಲೆಯೇ ಇದು. ಪಿಎಫ್ ಹೇಗೂ ಕಡಿತವಾಗುತ್ತದೆ, 2024-25ಕ್ಕೆ ಅದರ ಬಡ್ಡಿ ಶೇ. 8.25 ಇತ್ತು. ಪಿಎಫ್, ಪಿಪಿಎಫ್ ಎರಡೂ ಬಡ್ಡಿಯ ಕಡೆಯವು, ಆದ್ದರಿಂದ ಎನ್‌ಪಿಎಸ್‌ನಲ್ಲಿ ಷೇರಿನ ಪಾಲು ಹೆಚ್ಚಿಟ್ಟರೆ ಒಟ್ಟು ಉಳಿತಾಯ ಸಮತೂಕವಾಗುತ್ತದೆ. ಏನನ್ನೂ ಆರಿಸದೆ ಬಿಟ್ಟರೆ ಖಾತೆ ತಾನಾಗಿ ಮಧ್ಯಮ ಜೀವನಚಕ್ರದ ಯೋಜನೆಗೆ ಬೀಳುತ್ತದೆ, ಅಲ್ಲಿ ಷೇರಿನ ಪಾಲು 35ರ ನಂತರ ವರ್ಷವರ್ಷವೂ ಇಳಿಯುತ್ತ 55ಕ್ಕೆ ಶೇ. 10 ಆಗಿರುತ್ತದೆ.

ಕಂಪನಿಯ ಮೂಲಕ ಸೇರಿದವರು ಎರಡು ಕಡೆ ಕಣ್ಣಾಡಿಸಬೇಕು: ಸಂಬಳ ಚೀಟಿಯಲ್ಲಿ ಕಂಪನಿಯ ಎನ್‌ಪಿಎಸ್ ಪಾಲು ಎಂಬ ಸಾಲು, ಮತ್ತು ಪ್ರಾನ್ ಖಾತೆಯ ವಹಿವಾಟು ಪಟ್ಟಿಯಲ್ಲಿ ಅದೇ ಮೊತ್ತ ಉದ್ಯೋಗದಾತರ ಅಂಕಣದಲ್ಲಿ ಬಿದ್ದಿದೆಯೇ ಎಂಬುದು. ನೌಕರರ ಅಂಕಣದಲ್ಲಿ ಬಿದ್ದಿದ್ದರೆ ಶೇ. 14ರ ವಿನಾಯಿತಿ ಕೇಳಲು ಬರುವುದಿಲ್ಲ. ತಪ್ಪಿದ್ದರೆ ಫಾರ್ಮ್ 16 ಕೈಗೆ ಬರುವ ಮೊದಲೇ ಎಚ್‌ಆರ್‌ಗೆ ಬರೆದು ಸರಿಪಡಿಸಿಕೊಳ್ಳಿ.