ಬೆಲ್ಲನ ಜೊತೆಗೊಂದು ಪತ್ರ

ತಾಯಿಯಿಲ್ಲದೆ ಬೀದಿಯಲ್ಲೋ ಗೋದಾಮಿನಲ್ಲೋ ಸಿಗುವ ಬೆಕ್ಕಿನ ಮರಿಗಳನ್ನು ಕಾಯಂ ಮನೆ ಸಿಗುವವರೆಗೆ ತಮ್ಮ ಮನೆಯಲ್ಲಿಟ್ಟು ಬೆಳೆಸಿಕೊಡುವವರು ಬೆಂಗಳೂರಿನಲ್ಲಿ ಹಲವರಿದ್ದಾರೆ. ಈ ಕೆಲಸಕ್ಕೆ ‘ಫಾಸ್ಟರಿಂಗ್’ ಎನ್ನುತ್ತಾರೆ. ನಾನೂ ಅವರಲ್ಲೊಬ್ಬಳು. ಮರಿಯನ್ನು ಕಳಿಸಿಕೊಡುವಾಗ ಬುಟ್ಟಿಯ ಜೊತೆ ಒಂದು ಪತ್ರವನ್ನೂ ಇಡುತ್ತೇನೆ. ಬೆಲ್ಲ ಎಂಬ ಕೇಸರಿ ಪಟ್ಟೆಯ ಗಂಡು ಮರಿಯನ್ನು ದತ್ತು ತೆಗೆದುಕೊಂಡ ಕುಟುಂಬಕ್ಕೆ ಬರೆದ ಪತ್ರ ಇದು.

ನಮಸ್ಕಾರ.

ಬೆಲ್ಲ ನನ್ನ ಕೈಗೆ ಬಂದಾಗ ಅವನ ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ. ತೂಕ 180 ಗ್ರಾಂ. ಈಗ ಅವನಿಗೆ ಹತ್ತು ವಾರ, ತೂಕ 1 ಕಿಲೋ 100 ಗ್ರಾಂ. ಗ್ರಾಂ ಲೆಕ್ಕದಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಬೆಕ್ಕು ತನ್ನ ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ. ಮರಿಗೆ ಹುಷಾರಿಲ್ಲವೆಂದು ನಮ್ಮ ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ. ಈ ವಯಸ್ಸಿನ ಮರಿ ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಅಗಲ ಡಬ್ಬಿಯಿಟ್ಟು ಸೊನ್ನೆ ಮಾಡಿಕೊಳ್ಳಿ. ಬೆಳಿಗ್ಗೆ ತಿಂಡಿ ಹಾಕುವ ಮೊದಲು ಅವನನ್ನು ಅದರಲ್ಲಿ ಕೂರಿಸಿ. ಕ್ಯಾಲೆಂಡರಿನಲ್ಲಿ ಅಂದಂದಿನ ಅಂಕಿ ಬರೆದಿಡುವ ಕೆಲಸವನ್ನು ನಿಮ್ಮ ಮಗಳಿಗೇ ವಹಿಸಬಹುದು. ಒಂದು ದಿನ ಏರದಿದ್ದರೆ ಗಾಬರಿ ಬೇಡ. ಎರಡು ದಿನ ಒಂದೇ ಸಮನೆ ಇಳಿದರೆ ಪಶುವೈದ್ಯರಿಗೆ ಫೋನ್ ಮಾಡಿ.

ಮನೆಗೆ ಕರೆದುಕೊಂಡು ಹೋದ ಕೂಡಲೇ ಇಡೀ ಮನೆ ತೋರಿಸಬೇಡಿ. ಮೊದಲ ಒಂದು ವಾರ ಅವನಿಗೆ ಒಂದು ರೂಮು ಸಾಕು. ಬೆಕ್ಕು ತನ್ನ ಜಾಗವನ್ನು ಗುರುತಿಸುವುದು ವಾಸನೆಯಿಂದ. ನಿಮ್ಮ ಮನೆಯಲ್ಲಿ ಅವನ ವಾಸನೆ ಇನ್ನೂ ಎಲ್ಲೂ ಅಂಟಿಲ್ಲ. ಜಾಗ ಚಿಕ್ಕದಾದಷ್ಟೂ ಅದು ಬೇಗ ಅವನದಾಗುತ್ತದೆ. ಬುಟ್ಟಿಯಲ್ಲಿ ಹಾಕಿರುವ ಹಳೆಯ ಟವೆಲನ್ನು ದಯವಿಟ್ಟು ಒಗೆಯಬೇಡಿ. ಅಲ್ಲಿ ಅವನಿಗೆ ಪರಿಚಯವಿರುವುದು ಅದೊಂದೇ. ರೂಮಿನ ಒಂದು ಮೂಲೆಯಲ್ಲಿ ಲಿಟರ್ ಟ್ರೇ, ಎದುರು ಮೂಲೆಯಲ್ಲಿ ಊಟ ನೀರು, ನಡುವೆ ಬಾಯಿ ಕತ್ತರಿಸಿದ ಒಂದು ರಟ್ಟಿನ ಪೆಟ್ಟಿಗೆ ಇರಲಿ. ಊಟದ ಪಕ್ಕದಲ್ಲೇ ಟ್ರೇ ಇಟ್ಟರೆ ಅವನು ಟ್ರೇ ಬಿಟ್ಟು ಬೇರೆ ಜಾಗ ಹುಡುಕುತ್ತಾನೆ. ಟ್ರೇಯಿಂದ ಗಟ್ಟಿಯಾದ ಗಂಟುಗಳನ್ನು ದಿನಕ್ಕೆ ಎರಡು ಸಲ ತೆಗೆಯಬೇಕು.

ಮೊದಲ ದಿನ ಅವನು ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಎಳೆದು ತೆಗೆಯಬೇಡಿ. ಯಾರಾದರೂ ಒಬ್ಬರು ನೆಲದ ಮೇಲೆ ಕುಳಿತು ಪೇಪರ್ ಓದುತ್ತಿರಿ, ಅವನ ಕಡೆ ನೋಡದಿದ್ದರೂ ಆಯಿತು. ಕತ್ತಲಾದ ಮೇಲೆ ಹೊರಗೆ ಬಂದು ನಿಮ್ಮ ಮೊಣಕಾಲು ಮೂಸುತ್ತಾನೆ. ಆಮೇಲೆ ಕೆನ್ನೆ ಉಜ್ಜುತ್ತಾನೆ. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ, ಹಾಗಾಗಿ ಅದು ನಿಮ್ಮ ಮೇಲೆ ಅವನು ಹಾಕುವ ಗುರುತು. ಒಂದು ಹಗಲು ಒಂದು ರಾತ್ರಿ ಕಳೆದರೂ ಏನೂ ತಿನ್ನದಿದ್ದರೆ ಮಾತ್ರ ಕಾಯುವುದು ಸರಿಯಲ್ಲ. ಇಷ್ಟು ಚಿಕ್ಕ ಮೈಯಲ್ಲಿ ಶಕ್ತಿಯ ದಾಸ್ತಾನು ಬಹಳ ಕಡಿಮೆ.

ನಿಮ್ಮ ಮನೆಯ ಅಜ್ಜಿ ಅವನನ್ನು ನೋಡಿದ ಕೂಡಲೇ ‘ಒಂದು ಲೋಟ ಹಾಲು ಕಾಯಿಸ್ತೀನಿ’ ಅಂದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಬೆಲ್ಲನಿಗೆ ಹಾಲು ಬೇಡ. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಬೆಕ್ಕಿನ ಮರಿಗೆ ಸರಿಯಾಗಿ ಜೀರ್ಣವಾಗದೆ ಭೇದಿ ಶುರುವಾಗುತ್ತದೆ, ಭೇದಿಯಿಂದ ಮೈಯ ನೀರು ಬಸಿದುಹೋಗುತ್ತದೆ. ನನ್ನ ಹತ್ತಿರ ಅವನು ಕುಡಿದು ಬೆಳೆದದ್ದು ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿಯನ್ನು. ಈಗ ಅದೂ ಬಿಟ್ಟಾಗಿದೆ, ಬರಿ ನೀರು ಕುಡಿಯುತ್ತಾನೆ.

ಮೊಸರನ್ನವೂ ಅವನ ಊಟವಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನುಗಳಿಂದಲೇ ಅದು ಸಿಗಬೇಕು. ತಿಂಗಳುಗಟ್ಟಲೆ ಟಾರಿನ್ ಸಿಗದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ನಿಮ್ಮದು ಸಸ್ಯಾಹಾರಿ ಮನೆ ಎಂದು ಹೇಳಿದ್ದೀರಿ. ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಮರಿಗಳ ಪ್ಯಾಕೆಟ್ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ. ಅದನ್ನು ಅವನ ರೂಮಿನಲ್ಲೇ ಬಡಿಸಬಹುದು. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಅವನು ತಿನ್ನುತ್ತಿರುವ ಆಹಾರದ ಒಂದು ವಾರದ ಪಾಲನ್ನು ಚೀಲದಲ್ಲಿ ಇಟ್ಟಿದ್ದೇನೆ. ಬೇರೆ ಕಂಪನಿಯದಕ್ಕೆ ಬದಲಾಯಿಸುವುದಾದರೆ ಹಳೆಯದರ ಜೊತೆ ಕಾಲು ಭಾಗ ಹೊಸದು ಬೆರೆಸಿ ಶುರು ಮಾಡಿ, ವಾರವಿಡೀ ನಿಧಾನವಾಗಿ ಹೆಚ್ಚಿಸಿ.

ಇನ್ನು ಫಿನೈಲ್. ನಮ್ಮ ಮನೆಗಳಲ್ಲಿ ನೆಲ ಒರೆಸಿದರೆ ಆ ವಾಸನೆ ಬರಲೇಬೇಕು ಎನ್ನುವ ಅಭ್ಯಾಸವಿದೆ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ನೆಲದಲ್ಲಿದ್ದದ್ದು ಹೊಟ್ಟೆಗೆ ಹೋಗುತ್ತದೆ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಿರ್ವಿಷ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಅವನ ರೂಮಿಗೆ ಸೋಪಿನ ನೀರು ಸಾಕು, ಆಮೇಲೆ ಬರಿ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಯಕೃತ್ತಿನ ಇದೇ ಕೊರತೆಯಿಂದ ನಮ್ಮ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಮೈ ಬಿಸಿಯಾಗಿದೆಯೆಂದು ಕಾಲು ಮಾತ್ರೆ ಕೊಟ್ಟರೂ ಜೀವ ಹೋಗಬಹುದು. ನಾಯಿಗೆ ಹಾಕುವ ಉಣ್ಣೆ, ಚಿಗಟದ ಔಷಧಿಯನ್ನೂ ಅವನ ಮೈಗೆ ಹಚ್ಚಬೇಡಿ.

ನನಗೆ ಇದಕ್ಕಿಂತ ಹೆಚ್ಚಿನ ಭಯ ದಾರದ್ದು. ದೇವರ ಮನೆಯಲ್ಲಿ ಬಾಡಿದ ಮಲ್ಲಿಗೆ ಮಾಲೆ ತೆಗೆದಿಡುವಾಗ, ಹೊಲಿಗೆ ಮುಗಿಸಿ ಏಳುವಾಗ ಒಂದು ಸಲ ನೆಲ ನೋಡಿ. ಬೆಕ್ಕಿನ ನಾಲಿಗೆಯ ಮೇಲೆ ಒಳಮುಖವಾಗಿ ಬಾಗಿದ ಮುಳ್ಳುಗಳಿವೆ. ಬಾಯಿಗೆ ಬಂದ ದಾರವನ್ನು ಉಗುಳಲು ಅವು ಬಿಡುವುದಿಲ್ಲ, ಒಳಗೇ ಎಳೆಯುತ್ತವೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ಲಂಗದ ನೆರಿಗೆಯಂತೆ ಮುದುಡಿ ದಾರ ಅದನ್ನು ಕೊಯ್ಯುತ್ತದೆ. ವಾಂತಿಯಾಗುತ್ತದೆ, ಊಟ ನಿಲ್ಲುತ್ತದೆ, ಮರಿ ಮೂಲೆ ಹಿಡಿಯುತ್ತದೆ. ಬಾಯಲ್ಲಾಗಲಿ ಗುದದಲ್ಲಾಗಲಿ ದಾರ ನೇತಾಡುವುದು ಕಂಡರೆ ಎಳೆಯಬೇಡಿ, ಕತ್ತರಿಸಲೂ ಬೇಡಿ. ಹಾಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವನು ಕೋಲಿಗೆ ಕಟ್ಟಿದ ಗರಿಯ ಜೊತೆ ಆಡುತ್ತಾನೆ. ಆಟ ಮುಗಿದ ಮೇಲೆ ಅದನ್ನೂ ಬೀರುವಿನಲ್ಲಿ ಇಡಿ. ನಿಮ್ಮದು ನಾಲ್ಕನೇ ಮಹಡಿ, ಬಾಲ್ಕನಿಗೆ ಜಾಲರಿ ಹಾಕಿಸುವವರೆಗೆ ಆ ಬಾಗಿಲು ಮುಚ್ಚಿರಲಿ. ಬೆಕ್ಕು ಎತ್ತರದಿಂದ ಬಿದ್ದರೆ ಏನೂ ಆಗುವುದಿಲ್ಲ ಎನ್ನುವುದು ಸುಳ್ಳು. ದವಡೆ, ಎದೆ, ಕಾಲು ಮುರಿದುಕೊಳ್ಳುತ್ತವೆ.

ಅವನಿಗೆ ಎಂಟು ವಾರ ತುಂಬಿದಾಗ ಮೊದಲ ಲಸಿಕೆ ಹಾಕಿಸಿದ್ದೇನೆ. ಎರಡನೆಯದು ಹನ್ನೆರಡು ವಾರಕ್ಕೆ, ರೇಬೀಸ್ ಲಸಿಕೆಯೂ ಆಗಲೇ ಅಥವಾ ಸ್ವಲ್ಪ ನಂತರ ವೈದ್ಯರು ಹೇಳಿದಂತೆ. ಹದಿನಾರು ವಾರಕ್ಕೆ ಇನ್ನೊಂದು. ಅಲ್ಲಿಯವರೆಗೆ ಬೇರೆ ಬೆಕ್ಕುಗಳ ಸಹವಾಸ ಬೇಡ. ಪ್ಯಾನ್‌ಲ್ಯೂಕೋಪೀನಿಯ ಎಂಬ ರೋಗದ ವೈರಸ್ ನೆಲದಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಆದ್ದರಿಂದ ಬೀದಿ ಬೆಕ್ಕನ್ನು ಮುದ್ದಿಸಿ ಬಂದರೆ ಕೈ ತೊಳೆದು ಚಪ್ಪಲಿ ಹೊರಗೆ ಬಿಡಿ. ಐದನೇ ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ತಡ ಮಾಡಿದರೆ ಮನೆಯೆಲ್ಲ ಮೂತ್ರ ಚಿಮುಕಿಸಲು ಶುರು ಮಾಡಬಹುದು. ಅವನು ದೊಡ್ಡವನಾದ ಮೇಲೆ ಒಂದು ನೆನಪಿರಲಿ. ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿದರೂ ಮೂತ್ರ ಬರದಿದ್ದರೆ, ಗಂಡು ಬೆಕ್ಕಿಗೆ ಅದು ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ.

ಬೆಲ್ಲನನ್ನು ನಿಮಗೆ ಕೊಡುವುದು ನನಗೆ ಸುಲಭವಾಗಿಲ್ಲ. ಆದರೆ ಅವನ ರೂಮು ಖಾಲಿಯಾದರೆ ಅಲ್ಲಿಗೆ ಇನ್ನೊಂದು ಮರಿ ಬರಬಹುದು, ಅದಕ್ಕೇ ಕೊಡುತ್ತಿದ್ದೇನೆ. ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಮಾಡಿ. ಊರು ಬದಲಾಯಿತು, ಮಗುವಿಗೆ ಅಲರ್ಜಿ ಬಂತು, ಅಥವಾ ಯಾವುದೋ ಕಾರಣಕ್ಕೆ ಅವನನ್ನು ಇಟ್ಟುಕೊಳ್ಳಲು ಆಗಲಿಲ್ಲ ಎಂದಾದರೆ, ವರ್ಷಗಳು ಕಳೆದಿದ್ದರೂ ಸರಿ, ಹೊರಗೆ ಬಿಡಬೇಡಿ, ಬೇರೆಯವರಿಗೂ ಕೊಡಬೇಡಿ. ಸಂಕೋಚಪಡದೆ ನನ್ನ ಮನೆಗೇ ತಂದು ಬಿಡಿ.