ಬಟ್ಟಲಿನ ಗೆರೆ, ತಕ್ಕಡಿಯ ಅಂಕಿ

ಎಸ್ಪ್ರೆಸೊ ಕಾಫಿ ಯಂತ್ರದ ಗುಂಡಿಯನ್ನು ಒಮ್ಮೆ ಒತ್ತಿದರೆ ಕಾಫಿ ಇಳಿಯುತ್ತದೆ, ತಾನಾಗಿಯೇ ನಿಲ್ಲುತ್ತದೆ. ಬಟ್ಟಲು ತುಂಬಿದ್ದನ್ನು ಕಂಡು ಯಂತ್ರ ನಿಂತಿತೆಂದು ಅನೇಕರ ಭಾವನೆ. ವಾಸ್ತವವಾಗಿ ಬಟ್ಟಲು ಅಲ್ಲಿದೆಯೇ ಇಲ್ಲವೇ ಎಂಬುದೂ ಅದಕ್ಕೆ ತಿಳಿಯದು.

ಅದು ಅಳೆಯುವುದು ಒಳಹೋಗುವ ನೀರನ್ನು. ನೀರಿನ ಹಾದಿಯಲ್ಲಿ ಫ್ಲೋ ಮೀಟರ್ ಎಂಬ ಪುಟ್ಟ ಡಬ್ಬಿಯಿದೆ. ಅದರೊಳಗೆ ಅಯಸ್ಕಾಂತ ಕೂರಿಸಿದ ಸಣ್ಣ ಚಕ್ರ. ನೀರು ಹರಿದಾಗ ಚಕ್ರ ತಿರುಗುತ್ತದೆ, ಹೊರಗಿನ ಸಂವೇದಕವು ಅಯಸ್ಕಾಂತ ಹಾದುಹೋದದ್ದನ್ನು ಎಣಿಸುತ್ತದೆ. ಒಂದು ಎಣಿಕೆಗೆ ಅರ್ಧ ಮಿಲಿಲೀಟರ್ ಎಂದಿಟ್ಟುಕೊಂಡರೆ, 120 ಎಣಿಕೆಗೆ 60 ಮಿಲಿಲೀಟರ್ ನೀರು. ಅಷ್ಟೂ ಬಟ್ಟಲಿಗೆ ಬರುವುದಿಲ್ಲ. 18 ಗ್ರಾಂ ಒಣ ಪುಡಿಯು ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರನ್ನು ಹೀರಿಕೊಳ್ಳುತ್ತದೆ. ಪುಡಿಯ ಮೇಲಿನ ತೆರವಿನಲ್ಲಿ ಉಳಿದ ನೀರು ಕೊನೆಗೆ ಚರಂಡಿಯ ಕೊಳವೆ ಸೇರುತ್ತದೆ. ಬಟ್ಟಲಿಗೆ ದಕ್ಕುವುದು 36 ಗ್ರಾಂ ಆಸುಪಾಸು.

ಆ 36 ಗ್ರಾಮೂ ಕಣ್ಣಿಗೆ ಒಂದೇ ಎತ್ತರದಲ್ಲಿ ಕಾಣದು. ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ಅಡಗಿರುತ್ತದೆ. ಒತ್ತಡದಲ್ಲಿ ನೀರಿನಲ್ಲಿ ಕರಗಿದ ಆ ಅನಿಲವು ಹೊರಬಂದೊಡನೆ ಗುಳ್ಳೆಯಾಗಿ, ಕ್ರೀಮಾ ಎಂಬ ಹೊಂಬಣ್ಣದ ನೊರೆಯಾಗುತ್ತದೆ. ನೊರೆಗೆ ಜಾಗ ಬಹಳ, ತೂಕ ಅತ್ಯಲ್ಪ. ಹೊಸದಾಗಿ ಹುರಿದ ಬೀಜ ನೊರೆಯನ್ನು ಹೆಚ್ಚಿಸುತ್ತದೆ. ನಮ್ಮ ವಯನಾಡಿನ ತೋಟಗಳಲ್ಲಿ ಬೆಳೆಯುವ ರೊಬಸ್ಟಾ ಅರೇಬಿಕಾಕ್ಕಿಂತಲೂ ದಟ್ಟ ನೊರೆ ಕೊಡುತ್ತದೆ. ಕೆಲವು ನಿಮಿಷ ಕಾದರೆ ನೊರೆ ಇಳಿದು ಮಟ್ಟ ಕುಸಿಯುತ್ತದೆ, ತೂಕ ಮಾತ್ರ ಬಹುತೇಕ ಹಾಗೆಯೇ ಇರುತ್ತದೆ.

ಎಡವಟ್ಟು ಆಗುವುದು ಇಲ್ಲಿಯೇ. ಹೊಸ ಬೀಜದಿಂದ ಇಳಿದ ಕಾಫಿ ಗಾಜಿನ ಗೆರೆ ಮುಟ್ಟುವಂತೆ ಯಾರೋ ಯಂತ್ರಕ್ಕೆ ಪಾಠ ಕಲಿಸಿದರು ಎನ್ನೋಣ. ಮೂರು ವಾರದ ಬಳಿಕ ಅದೇ ಚೀಲದ ಬೀಜದಲ್ಲಿ ಅನಿಲ ತಗ್ಗಿರುತ್ತದೆ. ಎಣಿಕೆ ಅದೇ, ತೂಕವೂ ಹತ್ತಿರಹತ್ತಿರ ಅದೇ, ಆದರೆ ಮಟ್ಟ ಗೆರೆಗಿಂತ ಕೆಳಗೆ. ಗಿರಾಕಿ ಮುಖ ಸಿಂಡರಿಸುತ್ತಾನೆ, ಕಟ್ಟೆಯ ಹಿಂದಿನ ಹುಡುಗನಿಗೆ ಬೈಗುಳ. ಅವನು ಗೆರೆ ಮುಟ್ಟುವಂತೆ ನೀರು ಹೆಚ್ಚಿಸಿದರೆ ಬಟ್ಟಲಿಗೆ 36ರ ಬದಲು 50 ಗ್ರಾಂ ಬಂದು, ಕಾಫಿ ತೆಳುವೂ ಕಹಿಯೂ ಆಗುತ್ತದೆ.

ಆದ್ದರಿಂದ ತಕ್ಕಡಿಯೆದುರು ಪಾಠ ಕಲಿಸಬೇಕು. ಪುಡಿಯನ್ನು ತೂಗಿ ತುಂಬಿ, ಬಟ್ಟಲಿಟ್ಟ ತಕ್ಕಡಿಯನ್ನು ಸೊನ್ನೆಗೆ ತರಬೇಕು. ಅನೇಕ ಯಂತ್ರಗಳಲ್ಲಿ ಒಂದು ಗುಂಡಿಯನ್ನು ಕೆಲವು ಸೆಕೆಂಡು ಅದುಮಿ ಹಿಡಿದರೆ ದೀಪ ಮಿನುಗುತ್ತದೆ. ಆಗ ಬೇಕಾದ ಅಳತೆಯ ಗುಂಡಿ ಒತ್ತಿ, ತಕ್ಕಡಿ 34 ತೋರಿದಾಗ ಮತ್ತೆ ಒತ್ತಬೇಕು. ಉಳಿದೆರಡು ಗ್ರಾಂ ಹನಿಯಾಗಿ ಬೀಳುತ್ತದೆ. ಅಲ್ಲಿಯವರೆಗಿನ ಎಣಿಕೆಯನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಪುಡಿಯ ತೂಕ ಬದಲಾದರೆ ಈ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೆಚ್ಚು ಪುಡಿ ಹೆಚ್ಚು ನೀರನ್ನು ಹಿಡಿದಿಡುತ್ತದೆ.

ಗಡಸು ನೀರಿನ ಊರುಗಳಲ್ಲಿ ಸುಣ್ಣ ಕಟ್ಟಿ ಚಕ್ರವೇ ನಿಲ್ಲುವುದುಂಟು. ಆಗ ಎಣಿಕೆ ಬಾರದೆ ಕಾಫಿ ನಿಲ್ಲದೆ ಹರಿಯುತ್ತದೆ, ಗುಂಡಿಯ ದೀಪಗಳು ಮಿನುಗತೊಡಗುತ್ತವೆ. ಹಾಗಾದಾಗ ಮತ್ತೆ ಪಾಠ ಕಲಿಸಿ ಫಲವಿಲ್ಲ; ಮೀಟರನ್ನು ಬಿಚ್ಚಿ ಶುಚಿಗೊಳಿಸಬೇಕು.