ಕೋಡುಬಳೆ, ನಿಪ್ಪಟ್ಟು: ಹದವಾದ ಕಾವಿನಲ್ಲಿ ಕರಿಯುವ ಬಗೆ

ಹಬ್ಬಕ್ಕೆ ಮಾಡಿದ ಕೋಡುಬಳೆ ಅಂದು ಗರಿಗರಿಯಾಗಿದ್ದು ಮೂರನೆಯ ದಿನಕ್ಕೆ ಮೆತ್ತಗಾಗುವುದನ್ನು ನೀವು ಕಂಡಿರುವಿರಿ. ನಿಪ್ಪಟ್ಟನ್ನು ಕೈಗೆತ್ತಿಕೊಂಡರೆ ಬೆರಳಿಗೆಲ್ಲ ಎಣ್ಣೆ ಹತ್ತುವುದನ್ನೂ ಕಂಡಿರುವಿರಿ. ಸಾಮಾನ್ಯವಾಗಿ ಹಿಟ್ಟಿನ ಮೇಲೆ ದೂರು ಹೊರಿಸುತ್ತೇವೆ, ಇಲ್ಲವೆ ಎಣ್ಣೆ ಚೆನ್ನಾಗಿಲ್ಲವೆನ್ನುತ್ತೇವೆ. ಹೆಚ್ಚಿನ ಸಲ ತಪ್ಪಿರುವುದು ಒಲೆಯ ಉರಿಯಲ್ಲಿ. ಕಡಲೆಕಾಯಿ ಬೆಳೆದು, ಗಾಣಕ್ಕೆ ಹಾಕಿಸಿ, ಎಣ್ಣೆ ತಂದಿಟ್ಟುಕೊಂಡ ಮನೆಯಲ್ಲಿ ಒಂದೇ ಹಬ್ಬಕ್ಕೆ ಅರ್ಧ ಡಬ್ಬಿ ಬರಿದಾಗಿ, ತಿಂಡಿಯೂ ಕೆಟ್ಟರೆ ನಷ್ಟ ಎರಡು ಕಡೆಯಿಂದ. ಎಣ್ಣೆಯ ಕಾವು ಎಷ್ಟಿರಬೇಕು, ಅದನ್ನು ಕಣ್ಣಿನಿಂದ ಹೇಗೆ ಅರಿಯಬೇಕು, ಅಷ್ಟೇ ಏಕೆ ಇರಬೇಕು ಎಂಬುದನ್ನು ಇಲ್ಲಿ ನೋಡೋಣ.

ಬಾಣಲೆಯಲ್ಲಿ ಏನು ನಡೆಯುತ್ತದೆ?

ಹಸಿ ಹಿಟ್ಟಿನಲ್ಲಿ ನೀರಿದೆ. ಕಾದ ಎಣ್ಣೆಗೆ ಬಿಟ್ಟ ಕೂಡಲೆ ಆ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಎಣ್ಣೆಯ ಮೇಲೆ ಕಾಣುವ ಗುಳ್ಳೆಗಳು ಈ ಆವಿಯೇ ಹೊರತು ಎಣ್ಣೆ ಕುದಿಯುತ್ತಿರುವುದಲ್ಲ. ಆವಿ ಜೋರಾಗಿ ಹೊರಬರುತ್ತಿರುವಷ್ಟು ಕಾಲ ಎಣ್ಣೆಗೆ ಒಳಗೆ ಹೋಗಲು ದಾರಿಯಿರುವುದಿಲ್ಲ. ಇತ್ತ ಮೇಲಿನ ಪದರ ಒಣಗಿ ಗಟ್ಟಿಯಾಗುತ್ತದೆ. ನಿಧಾನವಾಗಿ ಒಳಭಾಗವೂ ಒಣಗುತ್ತದೆ. ನಡುವಿನವರೆಗೂ ನೀರು ಹೋಗಿ ಒಣಗಿದರೆ ಅದೇ ಗರಿಗರಿ.

ಎಣ್ಣೆ ಸಾಕಷ್ಟು ಕಾಯದಿದ್ದರೆ ಆವಿ ಮೆಲ್ಲಗೆ ಏಳುತ್ತದೆ. ಮೇಲಿನ ಪದರ ಬೇಗ ಗಟ್ಟಿಯಾಗುವುದಿಲ್ಲ. ಹಿಟ್ಟು ಮೆತ್ತಗಿದ್ದುಕೊಂಡೇ ಬಹಳ ಹೊತ್ತು ಎಣ್ಣೆಯಲ್ಲಿ ನೆನೆಯುತ್ತದೆ, ಅಲ್ಲಲ್ಲಿ ಬಿರುಕು ಬಿಟ್ಟು ಎಣ್ಣೆ ಕುಡಿಯುತ್ತದೆ. ಎಣ್ಣೆ ಅತಿಯಾಗಿ ಕಾದರೆ ಇದಕ್ಕೆ ವಿರುದ್ಧ. ಹೊರಗೆ ಎರಡೇ ನಿಮಿಷದಲ್ಲಿ ಕೆಂಪಾಗುತ್ತದೆ. ನಾವು ಆಯಿತೆಂದು ತೆಗೆದುಬಿಡುತ್ತೇವೆ. ನಡುವೆ ಉಳಿದ ನೀರು ಮಾರನೆಯ ದಿನದೊಳಗೆ ಹೊರ ಪದರಕ್ಕೆ ಹರಡಿ ಅದನ್ನೂ ಮೆತ್ತಗೆ ಮಾಡುತ್ತದೆ. ಡಬ್ಬಿಯ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಇದು ನಿಲ್ಲದು, ಏಕೆಂದರೆ ತೇವ ಬಂದಿರುವುದು ಹೊರಗಿನಿಂದಲ್ಲ.

ಆದುದರಿಂದ ಇವೆರಡಕ್ಕೂ ನಡುವಿನ ಕಾವು ಬೇಕು. ಅಳೆಯುವ ಸಾಧನವಿದ್ದವರಿಗೆ ಅದು ಸುಮಾರು 160ರಿಂದ 170 ಡಿಗ್ರಿ ಸೆಂಟಿಗ್ರೇಡ್.

ಕಾವನ್ನು ಅರಿಯುವ ಬಗೆ

ಸಾಧನವಿಲ್ಲದವರು ಕಡಲೆಕಾಳಿನಷ್ಟು ಹಿಟ್ಟನ್ನು ಎಣ್ಣೆಗೆ ಬಿಟ್ಟು ನೋಡಬೇಕು. ಅದು ತಳಕ್ಕಿಳಿದು, ಸುತ್ತ ಸಣ್ಣ ಗುಳ್ಳೆಗಳನ್ನು ಬಿಡುತ್ತ, ಮೂರು ನಾಲ್ಕು ಎಣಿಸುವಷ್ಟರಲ್ಲಿ ಮೇಲೆ ಬಂದರೆ ಕಾವು ಹದವಾಗಿದೆ. ತಳದಲ್ಲೇ ಕುಳಿತರೆ ಇನ್ನೂ ಕಾಯಬೇಕು. ಬಿಟ್ಟ ತಕ್ಷಣ ಮೇಲಕ್ಕೆ ಚಿಮ್ಮಿ, ನೋಡುನೋಡುತ್ತಲೇ ಕೆಂಪಾದರೆ ಕಾವು ಹೆಚ್ಚಾಯಿತು. ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ ಆಮೇಲೆ ಉರಿ ತಗ್ಗಿಸುವ ರೂಢಿ ಕೆಲವು ಮನೆಗಳಲ್ಲಿದೆ; ಅದು ಬೇಡ. ಹೊಗೆಯಾಡಿದ ಎಣ್ಣೆ ಬೇಗ ಕೆಡುತ್ತದೆ.

ಸೌದೆಯ ಒಲೆಯಲ್ಲಿ ಉರಿ ತಗ್ಗಿಸಲು ಸೌದೆಯನ್ನು ಹಿಂದಕ್ಕೆಳೆದು ಕೆಂಡದ ಕಾವಿನ ಮೇಲೆ ನಡೆಸಬೇಕು. ತೆಳುವಾದ ಬಾಣಲೆಯ ಕಾವು ಬೇಗ ಏರಿ ಬೇಗ ಇಳಿಯುತ್ತದೆ. ದಪ್ಪ ಕಬ್ಬಿಣದ ಬಾಣಲೆ ಕಾವನ್ನು ಹಿಡಿದಿಡುವುದರಿಂದ ಈ ಕೆಲಸಕ್ಕೆ ಒಳ್ಳೆಯದು. ಗ್ಯಾಸಿನ ಒಲೆಯಾದರೆ ಎಣ್ಣೆ ಕಾದ ಮೇಲೆ ಉರಿಯನ್ನು ನಡುಮಟ್ಟಕ್ಕಿಂತ ತುಸು ಕೆಳಗಿಟ್ಟರೆ ಸಾಕು. ಬಾಣಲೆಯ ಅರ್ಧಕ್ಕಿಂತ ಹೆಚ್ಚು ಎಣ್ಣೆ ತುಂಬಬಾರದು. ಹಿಟ್ಟು ಬಿಟ್ಟಾಗ ನೊರೆಯೆದ್ದು ಒಲೆಗೆ ಉಕ್ಕಬಹುದು.

ಅರ್ಧ ಕಿಲೋ ಅಕ್ಕಿ ಹಿಟ್ಟಿನ ಲೆಕ್ಕ

ಒಂದೇ ಅಳತೆಯ ಸಾಧಾರಣ ಲೋಟದಲ್ಲಿ ಎಲ್ಲವನ್ನೂ ಅಳೆಯಿರಿ. ಕೋಡುಬಳೆಗೆ ನುಣ್ಣನೆಯ ಅಕ್ಕಿ ಹಿಟ್ಟು 4 ಲೋಟ, ಅಂದರೆ ಸುಮಾರು ಅರ್ಧ ಕಿಲೋ. ಚಿರೋಟಿ ರವೆ, ಮೈದಾ, ಹುರಿಗಡಲೆ ಹಿಟ್ಟು ತಲಾ ಅರ್ಧ ಲೋಟ. ತುರಿದ ಒಣ ಕೊಬ್ಬರಿ ಅರ್ಧ ಲೋಟವನ್ನು ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಇಂಗು, ಉಪ್ಪಿನೊಡನೆ ನುಣ್ಣಗೆ ಪುಡಿಮಾಡಿಕೊಳ್ಳಿ. ಹಸಿ ಕಾಯಿತುರಿ ಹಾಕಿದರೆ ತೇವ ಹೆಚ್ಚಾಗಿ ತಿಂಡಿ ಬಹಳ ದಿನ ಉಳಿಯದು.

ಹಿಟ್ಟುಗಳನ್ನೆಲ್ಲ ಬೆರೆಸಿದ ಮೇಲೆ ಕಾಲು ಲೋಟ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಮೇಲೆ ಸುರಿದು, ಬಿಸಿ ಆರಿದ ಮೇಲೆ ಕೈಯಿಂದ ಉಜ್ಜಿ ಬೆರೆಸಿರಿ. ಒಂದು ಹಿಡಿ ಹಿಟ್ಟನ್ನು ಅದುಮಿದರೆ ಮುದ್ದೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು; ಅದೇ ಹದ. ಈ ಎಣ್ಣೆ ಕಡಿಮೆಯಾದರೆ ಕೋಡುಬಳೆ ಕಲ್ಲಿನಂತೆ ಗಟ್ಟಿಯಾಗುವುದು. ಹೆಚ್ಚಾದರೆ ಬಾಣಲೆಯಲ್ಲಿ ಪುಡಿಪುಡಿಯಾಗಿ ಬಿರಿದು, ಬಿರುಕುಗಳಲ್ಲಿ ಎಣ್ಣೆ ಹೀರುವುದು. ಹೆಚ್ಚು ಎಣ್ಣೆ ಸುರಿದರೆ ಹೆಚ್ಚು ಗರಿಗರಿ ಎಂಬ ಮಾತು ಪೂರ್ತಿ ನಿಜವಲ್ಲ.

ನೀರನ್ನು ಒಮ್ಮೆಗೇ ಸುರಿಯದೆ ಚಿಮುಕಿಸಿ ಚಿಮುಕಿಸಿ ಗಟ್ಟಿಯಾಗಿ ನಾದಬೇಕು. ಹಿಟ್ಟಿನಲ್ಲಿ ನೀರು ಹೆಚ್ಚಿದ್ದಷ್ಟೂ ಕರಿಯುವ ಹೊತ್ತು ಹೆಚ್ಚು. ನೀರು ಬಿಟ್ಟುಹೋದ ಜಾಗವೇ ಕೊನೆಗೆ ಎಣ್ಣೆ ನಿಲ್ಲುವ ಜಾಗ. ಒಂದು ಸಲಕ್ಕೆ ಬೇಕಾದಷ್ಟನ್ನೇ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಮೇಲ್ಮೈ ಒಣಗಿದ ಹಿಟ್ಟನ್ನು ಹೊಸೆದರೆ ಬಿರುಕು ತಪ್ಪದು.

ಪೆನ್ಸಿಲಿನ ದಪ್ಪಕ್ಕೆ ಎಲ್ಲ ಕಡೆಯೂ ಒಂದೇ ಸಮನಾಗಿ ಹೊಸೆದು, ಎರಡು ತುದಿಗಳನ್ನೂ ಬಿಗಿಯಾಗಿ ಅದುಮಿ ಬಳೆ ಮಾಡಿರಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಇದ್ದರೆ ತೆಳುವಾದದ್ದು ಕಪ್ಪಾಗುವ ಹೊತ್ತಿಗೆ ದಪ್ಪನೆಯದು ಹಸಿಯಾಗಿಯೇ ಇರುವುದು. ಈ ಅಳತೆಯಲ್ಲಿ ಸುಮಾರು 60 ಕೋಡುಬಳೆ ಆಗಬಹುದು.

ಬಾಣಲೆಗೆ 1 ಲೀಟರ್ ಎಣ್ಣೆ ಇಟ್ಟರೆ ಒಮ್ಮೆಗೆ ಎಂಟರಿಂದ ಹತ್ತಕ್ಕಿಂತ ಹೆಚ್ಚು ಬಿಡಬೇಡಿ. ಬೇಗ ಮುಗಿಸುವ ಆತುರದಲ್ಲಿ ಇಪ್ಪತ್ತು ತುಂಬಿದರೆ ಎಣ್ಣೆಯ ಕಾವು ಒಮ್ಮೆಲೆ ಕುಸಿದು, ಮೊದಲು ಹೇಳಿದ ತಣ್ಣನೆಯ ಎಣ್ಣೆಯ ದೋಷವೇ ಬರುವುದು. ಬಿಟ್ಟ ಮೇಲೆ ಅರ್ಧ ನಿಮಿಷ ಮುಟ್ಟಬೇಡಿ. ಪದರ ಗಟ್ಟಿಯಾಗದೆ ಸೌಟು ತಾಗಿಸಿದರೆ ಮುರಿಯುತ್ತದೆ. ಆಮೇಲೆ ಆಗಾಗ ತಿರುವುತ್ತ 6ರಿಂದ 8 ನಿಮಿಷ ಕರಿಯಿರಿ. ಒಂದು ಸಲದ್ದನ್ನು ತೆಗೆದ ಮೇಲೆ ಕಾವು ಮರಳಲು ಒಂದೆರಡು ನಿಮಿಷ ಬಿಟ್ಟು, ಮತ್ತೆ ಚೂರು ಹಿಟ್ಟು ಹಾಕಿ ನೋಡಿ ಮುಂದಿನದನ್ನು ಬಿಡಿ. ಹೀಗೆ ಆರೇಳು ಸಲಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುವುದು. ಅಷ್ಟು ಹೊತ್ತನ್ನು ಮೊದಲೇ ಲೆಕ್ಕಕ್ಕಿಟ್ಟುಕೊಂಡು ಕುಳಿತವರಿಗೆ ಉರಿ ಹೆಚ್ಚಿಸುವ ಆತುರ ಬಾರದು.

ತೆಗೆಯುವ ಹೊತ್ತು

ಬಣ್ಣವೊಂದನ್ನೇ ನಂಬಬೇಡಿ. ಮೆಣಸಿನಕಾಯಿ ಹೆಚ್ಚಿದ್ದರೆ ಹಿಟ್ಟು ಮೊದಲೇ ಕೆಂಪಾಗಿ ಕಾಣುತ್ತದೆ. ಗುಳ್ಳೆಯನ್ನು ನೋಡಿ, ಸದ್ದನ್ನು ಕೇಳಿ. ಮೊದಲು ಚೊರ್ರೆಂದು ಎದ್ದ ನೊರೆ ಕ್ರಮೇಣ ಇಳಿಯುತ್ತ, ಕೊನೆಗೆ ಅಲ್ಲೊಂದು ಇಲ್ಲೊಂದು ಗುಳ್ಳೆ ಉಳಿದು ಸದ್ದು ಅಡಗಿದರೆ ನೀರು ಹೋಯಿತೆಂದು ತಿಳಿಯಿರಿ. ಸೌಟಿನಿಂದ ತಟ್ಟಿದರೆ ಕಟಕಟ ಎನ್ನಬೇಕು.

ಇಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಕರಿದ ತಿಂಡಿಯೊಳಕ್ಕೆ ಎಣ್ಣೆಯ ಬಹುಭಾಗ ಇಳಿಯುವುದು ಬಾಣಲೆಯಲ್ಲಿರುವಾಗಲ್ಲ, ಹೊರಗೆ ತೆಗೆದ ಮೇಲೆ. ತಿಂಡಿ ಆರುತ್ತಿದ್ದಂತೆ ಒಳಗಿನ ಆವಿ ಕುಗ್ಗಿ, ಮೈಗೆ ಅಂಟಿದ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಒಳಕ್ಕೆಳೆದುಕೊಳ್ಳುತ್ತದೆ. ಆದುದರಿಂದ ಮೈಮೇಲಿನ ಎಣ್ಣೆಯನ್ನು ಬಿಸಿಯಿರುವಾಗಲೇ ಇಳಿಸಿಬಿಡಬೇಕು. ತೆಗೆಯುವುದಕ್ಕೆ ಅರ್ಧ ನಿಮಿಷ ಮುಂಚೆ ಉರಿಯನ್ನು ಸ್ವಲ್ಪ ಏರಿಸಿರಿ. ಕಾವೇರಿದ ಎಣ್ಣೆ ತೆಳ್ಳಗಾಗಿ ಬೇಗ ಜಾರುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ, ಬಾಣಲೆಯ ಮೇಲೆಯೇ ಹಿಡಿದು ನಾಲ್ಕಾರು ಸಲ ಕೊಡವಿ, ತೂತಿನ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿರಿ. ಬಿಸಿಯಾದದ್ದನ್ನು ರಾಶಿ ಹಾಕಿದರೆ ಕೆಳಗಿನವು ಆವಿಗೆ ಮೆತ್ತಗಾಗುವುವು.

ಮೊದಲ ಸಲದ ಒಂದು ಕೋಡುಬಳೆಯನ್ನು ಪೂರ್ತಿ ಆರಲು ಬಿಟ್ಟು ಮುರಿದು ನೋಡಿ. ಟಕ್ಕೆಂದು ಮುರಿದು, ಅಂಚಿನಿಂದ ನಡುವಿನವರೆಗೆ ಒಣಗಿದ್ದರೆ ಸರಿ. ನಡುವೆ ಬೆಳ್ಳಗೆ, ತೇವದ ಎಳೆ ಕಂಡರೆ ಉಳಿದವನ್ನು ಸಣ್ಣ ಉರಿಯಲ್ಲಿ ಇನ್ನೂ ಎರಡು ನಿಮಿಷ ಕರಿಯಿರಿ, ಮುಂದಿನ ಸಲಕ್ಕೆ ಉರಿಯನ್ನು ಇಳಿಸಿ ಹೊತ್ತನ್ನು ಹೆಚ್ಚಿಸಿರಿ.

ನಿಪ್ಪಟ್ಟಿಗೆ ಬೇರೆಯಾಗಿ ನೋಡಬೇಕಾದುದು

ಹಿಟ್ಟಿನ ಹದವೂ ಎಣ್ಣೆಯ ಕಾವೂ ನಿಪ್ಪಟ್ಟಿಗೆ ಹೆಚ್ಚುಕಡಿಮೆ ಅದೇ. ಆದರೆ ಇಲ್ಲಿ ಹುರಿದ ಕಡಲೆಕಾಯಿ ಬೀಜವನ್ನು ತರಿತರಿಯಾಗಿ ಕುಟ್ಟಿ ಹಾಕುತ್ತೇವೆ. ಇಡೀ ಬೀಜ ಉಳಿದರೆ ಅದರ ಸುತ್ತ ಹಿಟ್ಟು ದಪ್ಪಗೆ ನಿಂತು ಹಸಿಯಾಗಿ ಉಳಿಯುವುದು. ಬಾಳೆ ಎಲೆಗೆ ಎಣ್ಣೆ ಸವರಿ, ಎರಡು ರೂಪಾಯಿ ನಾಣ್ಯದಷ್ಟೇ ದಪ್ಪ ಬರುವಂತೆ ತಟ್ಟಿರಿ. ನಡು ಉಬ್ಬಿ ಅಂಚು ತೆಳ್ಳಗಾಗದಂತೆ ಬೆರಳಿನಿಂದ ಸಮಮಾಡಿರಿ. ಆಮೇಲೆ ಕಡ್ಡಿಯಿಂದ ನಾಲ್ಕೈದು ಕಡೆ ಚುಚ್ಚಬೇಕು. ಚುಚ್ಚದಿದ್ದರೆ ಆವಿ ಒಳಗೇ ಸಿಕ್ಕಿ ನಿಪ್ಪಟ್ಟು ಪೂರಿಯಂತೆ ಉಬ್ಬುತ್ತದೆ. ಉಬ್ಬಿದ ಕಡೆ ಮೇಲಿನ ಪದರ ಬೇಗ ಕಪ್ಪಾಗಿ, ಟೊಳ್ಳಿನಲ್ಲಿ ಎಣ್ಣೆ ನಿಲ್ಲುತ್ತದೆ. ಇದು ತೆಳ್ಳಗಿರುವುದರಿಂದ 4ರಿಂದ 6 ನಿಮಿಷ ಸಾಕು. ತೆಗೆದ ಮೇಲೆ ಮಲಗಿಸದೆ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿದರೆ ಎಣ್ಣೆ ಬೇಗ ಇಳಿಯುತ್ತದೆ.

ಉಳಿದ ಎಣ್ಣೆ

ಬಾಣಲೆಯ ತಳದಲ್ಲಿ ಉದುರಿದ ಹಿಟ್ಟನ್ನು ಪ್ರತಿ ಸಲವೂ ಜಾಲರಿಯಿಂದ ತೆಗೆಯಿರಿ. ಅದು ಸುಟ್ಟು ಎಣ್ಣೆಯನ್ನು ಕಪ್ಪು ಮಾಡುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಒಗ್ಗರಣೆಗೆ ಬಳಸಿ ಬೇಗ ಮುಗಿಸಿರಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಮಂದವಾಗಿ ತಿಂಡಿಗೆ ಹೆಚ್ಚು ಅಂಟುತ್ತದೆ. ಕಾಯಿಸುವಾಗ ನಿಲ್ಲದ ನೊರೆ, ಕಮಟು ವಾಸನೆ, ಬೆರಳಿಗೆ ಜಿಗುಟು ಕಂಡರೆ ಅದನ್ನು ಚೆಲ್ಲಬೇಕು. ಹೊಸ ಎಣ್ಣೆ ಬೆರೆಸಿದರೆ ಹಳೆಯದು ಸರಿಹೋಗದು, ಹೊಸದೂ ಕೆಡುವುದು.

ನಿಮ್ಮ ಕೈಹದ ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಕರಿಯುವ ಮುಂಚೆ ಎಣ್ಣೆಯನ್ನು ಅಳೆದಿಡಿ; ಕರಿದು ಆರಿಸಿ ಸೋಸಿದ ಮೇಲೆ ಮತ್ತೆ ಅಳೆಯಿರಿ. ಮುಂದಿನ ಹಬ್ಬಕ್ಕೆ ಅದೇ ಅಳತೆಯ ಹಿಟ್ಟಿಗೆ ಈ ಕ್ರಮದಲ್ಲಿ ಉರಿಯಿಟ್ಟು ಎಷ್ಟು ಇಳಿಯಿತೆಂದು ಹೋಲಿಸಿ ನೋಡಿ. ತಿಂಡಿ ಚೆನ್ನಾಗಿ ಆರಿದ ಮೇಲೆಯೇ ಒಣ ಡಬ್ಬಿಗೆ ತುಂಬಿ, ಒದ್ದೆ ಕೈ ಹಾಕದೆ ತೆಗೆಯುತ್ತಿದ್ದರೆ ಎರಡು ವಾರವಾದರೂ ಕೋಡುಬಳೆ ಟಕ್ಕೆನ್ನುವುದು.